ನಾಯಿಗೆ ಮೊದಲು, ಬೀಗರಿಗೆ ಆಮೇಲೆ

ನಾಯಿಗೆ ಮೊದಲು ನಮಸ್ಕಾರ ಮಾಡಿ, ಆಮೇಲೆ ಬೀಗರ ಮನೆಯಲ್ಲಿ ಚಹಾ ಕುಡಿದು, ಮರ್ಯಾದೆಯಿಂದ ಹೊರಗೆ ಬಂದ ಮನುಷ್ಯ ಹಾವೇರಿ ಜಿಲ್ಲೆಯಲ್ಲಿ ಇದುವರೆಗೆ ಯಾರೂ ಇಲ್ಲ. ರಾಣೆಬೆನ್ನೂರಿನ ಬೀಜದ ಅಂಗಡಿಯ ಶಂಕ್ರಪ್ಪ ಹಲಗೇರಿಯವರು ಆ ಪ್ರಯತ್ನ ಮಾಡಿದರು. ಚಹಾ ಕುಡಿದರು. ಉಳಿದದ್ದು ಆಗಲಿಲ್ಲ.

ಶಂಕ್ರಪ್ಪನವರು ಕೆಟ್ಟ ಮನುಷ್ಯರಲ್ಲ. ಅವರ ಕಷ್ಟವೆಂದರೆ, ಒಂದು ವಿಷಯ ತಲೆಗೆ ಹೊಕ್ಕರೆ ಅದು ತಲೆಯಲ್ಲಿಯೇ ಇರುವುದಿಲ್ಲ; ಬಾಯಿಗೆ, ಕೈಗೆ, ಕಾಲಿಗೆ ಇಳಿಯುತ್ತದೆ. ಹಿಂದೊಮ್ಮೆ ಪ್ರಾಣಾಯಾಮ ಹೊಕ್ಕಾಗ ಅವರು ಗಿರಾಕಿಗೆ ಹತ್ತಿಬೀಜ ಕೊಡುತ್ತ ಕೊಡುತ್ತಲೇ ಉಸಿರು ಬಿಗಿಹಿಡಿದು ನಿಂತುಬಿಟ್ಟಿದ್ದರು. ಗಿರಾಕಿ ಗಾಬರಿಯಾಗಿ ಅವರ ಬೆನ್ನಿಗೆ ಗುದ್ದಿದ್ದ. ಈ ಸಲ ಹೊಕ್ಕದ್ದು ಪ್ರಾಣಿಗಳ ನಮಸ್ಕಾರ.

ಅದು ಹೊಕ್ಕದ್ದು ಹಾವೇರಿಯಲ್ಲಿ, ಅವರ ತಂಗಿ ಮುತ್ತವ್ವನ ಮನೆಯಲ್ಲಿ. ಹಿಂದಿನ ವರ್ಷ ಮುತ್ತವ್ವನ ಗಂಡ ತೀರಿಕೊಂಡರು. ದುಃಖದ ಮನೆಗೆ ಬಂದವರು ನಮಸ್ಕಾರ ಎನ್ನುವುದಿಲ್ಲ. ಆರಾಮ ಇದ್ದೀರಾ ಎಂದು ಕೇಳುವುದಿಲ್ಲ. ಎದ್ದು ಹೋಗುವಾಗ ಬರುತ್ತೇವೆ ಎಂದು ಹೇಳುವುದಿಲ್ಲ. ಬಂದು, ಗೋಡೆ ನೋಡುತ್ತ ಕುಳಿತು, ಸುಮ್ಮನೆ ಎದ್ದು ಹೋಗುತ್ತಾರೆ. ಅದು ನಮ್ಮ ಕಡೆಯ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಆ ಹೊತ್ತಿನಲ್ಲಿ ಮಾತು ಯಾರಿಗೆ ಬೇಕು? ಆದರೆ ಕರ್ಮಾಂತರಗಳೆಲ್ಲ ಮುಗಿದ ಮೇಲೆ ಶಂಕ್ರಪ್ಪನವರು ಒಂದು ಸಂಗತಿಯನ್ನು ಕಂಡರು. ಹೋದ ನಮಸ್ಕಾರ ಆ ಮನೆಗೆ ತಿರುಗಿ ಬರಲೇ ಇಲ್ಲ. ಮುತ್ತವ್ವ ಎದುರಿಗೆ ಬಂದರೆ ಓಣಿಯ ಹೆಂಗಸರಿಗೆ ಅದೇ ಹೊತ್ತಿಗೆ ಚಪ್ಪಲಿಯ ಪಟ್ಟಿ ಸಡಿಲಾಗುತ್ತಿತ್ತು. ಒಳ್ಳೆಯ ಕೆಲಸಕ್ಕೆ ಹೊರಟವರು ಆಕೆಯನ್ನು ಕಂಡು ಮನೆಯೊಳಕ್ಕೆ ಹೋಗಿ, ನೀರು ಕುಡಿದು, ಸ್ವಲ್ಪ ಕುಳಿತು, ಮತ್ತೆ ಹೊರಡುತ್ತಿದ್ದರು. ಹಿತ್ತಲಿನ ಆಕಳು ಮಾತ್ರ ಆಕೆಯ ಹೆಜ್ಜೆ ಕೇಳಿದೊಡನೆ ಮೊದಲಿನಂತೆಯೇ ಬಾಯಿ ತೆರೆಯದೆ ಸಣ್ಣಗೆ ಹೂಂಕರಿಸಿ, ಕತ್ತು ಚಾಚಿ, ಮೊಣಕೈ ನೆಕ್ಕುತ್ತಿತ್ತು.

ಶಂಕ್ರಪ್ಪನವರು ಅದನ್ನು ನೋಡುತ್ತ ಬಹಳ ಹೊತ್ತು ನಿಂತರು. ಆಮೇಲೆ ಊರಿಗೆ ಬಂದು ವಾಚನಾಲಯಕ್ಕೆ ಹೋದರು, ಮೊಬೈಲಿನಲ್ಲಿ ಹುಡುಕಿದರು, ಗಿಡದ ಕೆಳಗೆ ಕುಳಿತು ಹಕ್ಕಿ ನೋಡಿದರು. ಒಂದು ಮಳೆಗಾಲ ಮುಗಿಯುವುದರೊಳಗೆ ರಾಣೆಬೆನ್ನೂರಿನ ಬೆಳಗಿನ ವಾಕಿಂಗ್ ಬಳಗಕ್ಕೆ ಒಬ್ಬ ಪಂಡಿತರು ಸಿದ್ಧರಾದರು.

"ನೋಡ್ರಿ," ಎಂದು ಅವರು ಕಲ್ಲುಬೆಂಚಿನ ಮೇಲೆ ಕುಳಿತು ಆರಂಭಿಸುತ್ತಿದ್ದರು. "ನಾಯಿ ಒಂದಕ್ಕೊಂದು ಭೆಟ್ಟಿ ಆದ್ರ ನೆಟ್ಟಗ ಎದುರಿಗೆ ಹೋಗೂದಿಲ್ಲ. ನೆಟ್ಟಗ ಹೋಗಿ ಕಣ್ಣಾಗ ಕಣ್ಣಿಟ್ಟು ನೋಡಿದ್ರ ಜಗಳಕ್ಕ ಕರದಂಗ. ಮರ್ಯಾದಿ ಇರೋ ನಾಯಿ ಬಾಗಿ ಸುತ್ತಹಾಕಿ ಬದಿಯಿಂದ ಬರತೈತಿ, ಮಾರಿ ಆ ಕಡೆ ತಿರಿಗಿಸಿ ನಿಂದರತೈತಿ. ಆಮ್ಯಾಲೆ ಬಾಲದ ಬುಡಕ್ಕ ಮೂಗು."

"ಬೆಳಿಗ್ಗೆ ಬೆಳಿಗ್ಗೆ ಇದ ಬೇಕಿತ್ತೇನ್ರಿ ಅಣ್ಣಾರ?" ಎಂದು ಅಬ್ದುಲರಜಾಕ ಕೇಳುತ್ತಿದ್ದ. ಅವನದು ಬೀಜದ ಅಂಗಡಿಯ ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಶಂಕ್ರಪ್ಪನವರಿಗೆ ಗೆಳೆಯ, ಡ್ರೈವರ, ಮತ್ತು ಅವರ ಮಾತಿನ ಮಧ್ಯೆ ಬಾಯಿ ಹಾಕುವ ಧೈರ್ಯವಿದ್ದ ಒಬ್ಬನೇ ಮನುಷ್ಯ.

"ಬೇಕು! ಬಾಲದ ಕೆಳಗ ಎರಡು ಸಣ್ಣ ಚೀಲ ಅದಾವ. ಅದರ ವಾಸನಿ ಒಳಗ ಎಲ್ಲಾ ಐತಿ. ಗಂಡೋ ಹೆಣ್ಣೋ, ಮೈಯಾಗ ಆರಾಮ ಐತೋ ಇಲ್ಲೋ, ಹೆದರೇತೋ, ಹಿಂದ ಎಂದರ ಭೆಟ್ಟಿ ಆಗಿತ್ತೋ, ಎಲ್ಲಾ. ಇದು ಮೂಸಿದ ಮ್ಯಾಲೆ ಅದಕ್ಕೂ ಮೂಸಾಕ ಬಿಡತೈತಿ. ನಾವು ಏನು ಮಾಡ್ತೀವಿ? 'ಆರಾಮ ಅದೀರಿ?' ಅಂತ ಕೇಳ್ತೀವಿ, ಉತ್ತರ ಬರೂದರಾಗ ದಾಟಿ ಹೋಗಿರ್ತೀವಿ. ನಾಯಿ ಕೇಳೂದಿಲ್ಲಪಾ, ತಿಳ್ಕೊಂತೈತಿ!"

"ಮತ್ತ ಬೆಕ್ಕು?"

"ಬಾಲ ನೆಟ್ಟಗ ಮ್ಯಾಲೆ ಎತ್ತತೈತಿ, ತುದಿ ಸ್ವಲ್ಪ ಕೊಂಡಿಯಂಗ ಬಾಗಿರತೈತಿ. ಅಂದ್ರ ಜಗಳ ಇಲ್ಲ, ಬಾ ಅಂತ. ಆಮ್ಯಾಲೆ ಮೂಗಿಗೆ ಮೂಗು, ಗಲ್ಲಕ್ಕ ಗಲ್ಲ. ನಿನ್ನ ಅಂಗಡಿ ಮಾಡಿನ ಮ್ಯಾಲಿನ ಪಾರಿವಾಳನ ನೋಡು. ಗಂಟಲ ಉಬ್ಬಿಸಿ, ಬಗ್ಗಿ, ಗುಟುರ್ ಗುಟುರ್ ಅಂತ ಒಂದು ಸುತ್ತು ತಿರಗತೈತಿ. ಗೊರವಂಕ ತಲಿ ಪುಕ್ಕ ನಿಗರಿಸಿ, ತಲಿ ಹಾಕಿ ಹಾಕಿ ಹಾಡತೈತಿ. ಕದರಮಂಡಲಗಿ ಗುಡಿ ಮುಂದಿನ ಮಂಗ್ಯಾ ತುಟಿ ಪಚಪಚ ಅನಿಸಿ ಬಂದು ತಬ್ಬಿಕೊಂತೈತಿ. ಅದು ಹಲ್ಲು ಕಿಸದ್ರ ನಕ್ಕದ್ದಲ್ಲ ಮತ್ತ! 'ನಿಮ್ಮ ಮುಂದ ನಾ ಸಣ್ಣಾವ, ಬಡೀಬ್ಯಾಡ್ರಿ' ಅಂತ."

"ಅದನ್ನ ನಾವು ಆಫೀಸಿನ್ಯಾಗ ಸಾಹೇಬ್ರ ಮುಂದ ದಿನಾ ಮಾಡ್ತೀವಲ್ರಿ," ಎಂದು ನಿವೃತ್ತ ಗುಮಾಸ್ತರೊಬ್ಬರು ಹೇಳಿದರು. ಶಾಸ್ತ್ರಕ್ಕೆ ಆಧಾರ ಸಿಕ್ಕಿತೆಂದು ಶಂಕ್ರಪ್ಪನವರು ಬಹಳ ಸಂತೋಷಪಟ್ಟರು.

ಇಷ್ಟಕ್ಕೇ ನಿಂತಿದ್ದರೆ ಊರಿಗೆ ತೊಂದರೆಯಿರಲಿಲ್ಲ. ಆದರೆ ಅದೇ ದಿನಗಳಲ್ಲಿ ಮುತ್ತವ್ವನ ಮಗಳು ಸುಧಾರಾಣಿಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆತನದಿಂದ ಸಂಬಂಧ ಕೂಡಿಬಂತು. ಹುಡುಗ ಸಿದ್ದಲಿಂಗೇಶ ಒಳ್ಳೆಯವನು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದ್ದರು. ಆ ಮನೆಯ ಹಿರಿಯರು ಹುಡುಗನ ದೊಡ್ಡಪ್ಪ ಗುಡ್ಡಪ್ಪನವರು. ಮರ್ಯಾದೆಯ ವಿಷಯದಲ್ಲಿ ಅವರು ಒಣಮೆಣಸಿನಕಾಯಿಯಷ್ಟೇ ಸೂಕ್ಷ್ಮ. ಸ್ವಲ್ಪ ಅಲುಗಾಡಿಸಿದರೂ ಮೂಗಿಗೆ ಏರುತ್ತಿತ್ತು. ನಿಶ್ಚಯದ ದಿನ ಗೊತ್ತು ಮಾಡಲು ತಂದೆಯ ಸ್ಥಾನದಲ್ಲಿ ಸೋದರಮಾವ ಶಂಕ್ರಪ್ಪನವರು ಹೋಗಬೇಕಾಯಿತು.

ರಜಾಕನ ಹಳೆಯ ಕಾರು ಬ್ಯಾಡಗಿಯ ಆ ಮನೆಯ ಮುಂದೆ ನಿಂತಾಗ ಎಲ್ಲವೂ ಸರಿಯಾಗಿಯೇ ಇತ್ತು. ಕಟ್ಟೆಯ ಮೇಲೆ ಗುಡ್ಡಪ್ಪನವರು ಜರಿಯ ರುಮಾಲು ಸುತ್ತಿ, ಕೈಮುಗಿದು, "ಬರ್ರಿ, ಬರ್ರಿ ಬೀಗ್ರ," ಎನ್ನುತ್ತ ನಿಂತಿದ್ದರು. ಪಕ್ಕದಲ್ಲಿ ಸೊಸೆ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದಿದ್ದಳು. ಶಂಕ್ರಪ್ಪನವರು ಗೇಟು ದಾಟಿ ಕೈಮುಗಿಯಲು ಕೈ ಎತ್ತಿದರು. ಅಷ್ಟರಲ್ಲಿ ಮನೆಯ ಮಗ್ಗುಲಿನಿಂದ ಮುಧೋಳ ನಾಯಿಯೊಂದು ಬಂತು. ಹೆಸರು ರಾಜಾ. ಎತ್ತರ, ತೆಳ್ಳಗೆ, ಮುಖ ಉದ್ದ.

ಸಾಮಾನ್ಯ ಮನುಷ್ಯನಾಗಿದ್ದರೆ "ನಾಯಿ ಹಿಡೀರಿ" ಎಂದು ಕೂಗುತ್ತಿದ್ದ. ಶಂಕ್ರಪ್ಪನವರು ಸಾಮಾನ್ಯರಾಗಿ ಉಳಿದಿರಲಿಲ್ಲವಲ್ಲ! ಎತ್ತಿದ ಕೈ ಇಳಿಸಿದರು. ನಾಯಿಯ ಕಣ್ಣು ತಪ್ಪಿಸಿ ಬೇಲಿಯ ಕಡೆ ನೋಡಿದರು. ನಿಧಾನವಾಗಿ ಮಗ್ಗುಲು ತಿರುಗಿದರು. ನಾಯಿ ಶಾಸ್ತ್ರದಲ್ಲಿದ್ದಂತೆಯೇ ಬಾಗಿ ಸುತ್ತಹಾಕಿ ಬಂತು. ಅವರು ಅದಕ್ಕೆ ಅನುಕೂಲವಾಗಲೆಂದು ಇನ್ನೂ ಸ್ವಲ್ಪ ತಿರುಗಿದರು. ಹೀಗೆ ಇಬ್ಬರೂ ಪರಸ್ಪರ ಗೌರವದಿಂದ ತಿರುಗಿ ತಿರುಗಿ, ಕೊನೆಗೆ ಶಂಕ್ರಪ್ಪನವರ ಬೆನ್ನು ಸರಿಯಾಗಿ ಗುಡ್ಡಪ್ಪನವರ ಮುಖಕ್ಕೆ ಬಂದು ನಿಂತಿತು. ರಾಜಾ ಅವರ ಧೋತರದ ಹಿಂಭಾಗಕ್ಕೆ ಮೂಗಿಟ್ಟು ಓದತೊಡಗಿತು.

ಅದಕ್ಕೆ ಅವಸರವಿರಲಿಲ್ಲ. ಅದು ಧೋತರ ಮುಗಿಸಿ, ಪಾದಕ್ಕೆ ಇಳಿದು, ರಾಣೆಬೆನ್ನೂರಿನ ನಾಲ್ಕಾರು ನಾಯಿಗಳ ಸಮಾಚಾರವನ್ನು ಚಪ್ಪಲಿಯಲ್ಲಿ ಓದಿ, ಮತ್ತೆ ಮೇಲಕ್ಕೆ ಬಂತು. ಕಟ್ಟೆಯ ಮೇಲೆ ಗುಡ್ಡಪ್ಪನವರ ಮುಗಿದ ಕೈ ಮುಗಿದೇ ಇತ್ತು.

"ಬರ್ರಿ ಬೀಗ್ರ," ಎಂದು ಅವರು ಇನ್ನೊಮ್ಮೆ ಹೇಳಿದರು. ಈ ಸಲ ದನಿ ಸ್ವಲ್ಪ ಒಣಗಿತ್ತು.

"ತಡೀರಿ," ಎಂದರು ಶಂಕ್ರಪ್ಪನವರು, ಮುಖ ತಿರುಗಿಸದೆ. "ಇನ್ನೂ ಮುಗದಿಲ್ಲ."

ಗುಡ್ಡಪ್ಪನವರ ಕೈ ಕೆಳಗಿಳಿಯಿತು. ತಂಬಿಗೆ ಹಿಡಿದ ಸೊಸೆ ಮಾವನ ಮುಖ ನೋಡಿದಳು, ಬೀಗರ ಬೆನ್ನು ನೋಡಿದಳು, ತಂಬಿಗೆಯ ನೀರನ್ನು ಗಿಡಕ್ಕೆ ಸುರಿದು ಒಳಗೆ ಹೋದಳು. ಆಗ ರಾಜಾ ಬಾಲವನ್ನು ಸಡಿಲವಾಗಿ ಅಲ್ಲಾಡಿಸಿತು. ಶಂಕ್ರಪ್ಪನವರು ವಿಜಯದ ನಗೆ ನಗುತ್ತ ತಿರುಗಿ ಕೈಮುಗಿದರು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಒಳಗೆ ಚಹಾ ಬಂತು, ಮಾತು ಬರಲಿಲ್ಲ. ರಜಾಕ ಪರಿಸ್ಥಿತಿ ಸುಧಾರಿಸಲು ಹೊರಟ. "ತಪ್ಪು ತಿಳ್ಕೊಬ್ಯಾಡ್ರಿ ಗುಡ್ಡಪ್ಪನೋರ. ನಮ್ಮ ಅಣ್ಣಾರು ಮನಷ್ಯಾರ ನಮಸ್ಕಾರಕ್ಕಿಂತ ನಾಯಿ ನಮಸ್ಕಾರನ ಖರೇ ಅಂತಾರ್ರಿ."

"ಹೌದೇನು?" ಎಂದರು ಗುಡ್ಡಪ್ಪನವರು. "ಹಂಗಾದ್ರ ನಮ್ಮ ನಮಸ್ಕಾರ ಸುಳ್ಳಾತು."

"ಸುಳ್ಳಲ್ರಿ," ಎಂದು ಶಂಕ್ರಪ್ಪನವರು ತಾವೇ ಕೈ ಹಚ್ಚಿದರು. "ನಿಮ್ಮ ನಮಸ್ಕಾರದಾಗ ಮಾಹಿತಿ ಕಡಿಮಿ. ರಾಜಾ ನನ್ನ ಬಗ್ಗೆ ತಿಳ್ಕೊಂಡಷ್ಟು ನೀವು ತಿಳ್ಕೊಂಡಿಲ್ಲ."

ಇದು ಸತ್ಯವಾದ ಮಾತು. ಆದರೆ ಸಂಬಂಧ ಮಾಡಲು ಹೋದಲ್ಲಿ ಆಡುವ ಮಾತಲ್ಲ. ದಿನ ಗೊತ್ತಾಗಲಿಲ್ಲ. "ಹೇಳಿ ಕಳಸ್ತೀವಿ," ಎಂದರು ಗುಡ್ಡಪ್ಪನವರು. ಹೊರಗೆ ಬರುವಾಗ ಬಾಗಿಲವರೆಗೆ ಬಂದು ಬೀಳ್ಕೊಟ್ಟಿದ್ದು ರಾಜಾ ಒಂದೇ.

ಸುದ್ದಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಚೀಲದ ಸಂಗಡ ಗಾಡಿ ಹತ್ತಿತು. ಬ್ಯಾಡಗಿಯಲ್ಲಿ ಅದು "ಬೀಗ ನಾಯಿಗೆ ನಮಸ್ಕಾರ ಮಾಡಿದ" ಎಂದಿತ್ತು. ಹಾವೇರಿಯ ಬಸ್ ನಿಲ್ದಾಣಕ್ಕೆ ಬರುವಾಗ ನಾಯಿ ಕಚ್ಚಿತ್ತು. ರಾಣೆಬೆನ್ನೂರಿಗೆ ಬರುವಾಗ ಕಚ್ಚಿಸಿಕೊಂಡವರು ಬೊಗಳುತ್ತಿದ್ದರು.

ಹೀಗಾಗಿ ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ ಆರೋಗ್ಯ ಇಲಾಖೆಯ ಶ್ರೀದೇವಿಯವರು ಔಷಧದ ಡಬ್ಬಿ ಹಿಡಿದು ಬೀಜದ ಅಂಗಡಿಗೆ ಬಂದರು. ಅವರು ಅನುಭವಸ್ಥ ಹೆಣ್ಣುಮಗಳು. ಯಾರ ಮಾತನ್ನೂ ನಂಬುತ್ತಿರಲಿಲ್ಲ. ಅವರ ಹಿಂದೆ ನಂಬುವ ಮಂದಿ ಬಹಳ ಬಂದಿದ್ದರು.

"ನಾಯಿ ಕಚ್ಚೇತೇನ್ರಿ?"

"ಇಲ್ರಿ. ಮೂಸೇತಿ."

"ಎಲ್ಲಿ?"

ಶಂಕ್ರಪ್ಪನವರು ಜಾಗವನ್ನು ಹೇಳಿದರು. ಮಂದಿ ಒಂದು ಹೆಜ್ಜೆ ಹಿಂದೆ ಸರಿದರು.

"ಇರಲಿ. ಒಂದೀಟು ನೀರು ಕುಡೀರಿ," ಎಂದು ಶ್ರೀದೇವಿಯವರು ಲೋಟ ಚಾಚಿದರು. ನಾಯಿಹುಚ್ಚು ಹಿಡಿದವರಿಗೆ ನೀರು ನುಂಗಲಾಗುವುದಿಲ್ಲ. ನೀರು ಕಂಡರೇ ಗಂಟಲು ಹಿಂಡಿ ಬರುತ್ತದೆ. ಅದನ್ನು ಆ ಗುಂಪಿನಲ್ಲಿ ಎಲ್ಲರೂ ಬಲ್ಲರು. ಆದರೆ ಶ್ರಾವಣ ಸೋಮವಾರ ಸಂಜೆ ಪೂಜೆಯಾಗುವವರೆಗೆ ಶಂಕ್ರಪ್ಪನವರು ಹನಿ ನೀರು ಮುಟ್ಟುವುದಿಲ್ಲ ಎಂಬುದನ್ನು ಬಲ್ಲವನು ರಜಾಕ ಒಬ್ಬನೇ. ಅವನು ಟ್ಯೂಬಿಗೆ ಗಾಳಿ ಹಾಕುತ್ತಿದ್ದ.

"ಕುಡಿಯೂದಿಲ್ರಿ."

"ಒಂದ ಗುಟುಕು."

"ಪ್ರಾಣ ಹೋದ್ರೂ ಕುಡಿಯೂದಿಲ್ಲ! ಆ ಕಡೆ ತಗೀರಿ ಅದನ್ನ!" ಎಂದು ಅವರು ಒಣಗಿದ ಗಂಟಲಿನಿಂದ ಕೂಗಿದರು. ದನಿ ಒಡೆದು ಏನೋ ಬೇರೆಯಾಗಿ ಕೇಳಿಸಿತು. ಮಂದಿ ರಸ್ತೆಯ ಆಚೆಗೆ ಹೋದರು. ಯಾರೋ ಪುಣ್ಯಾತ್ಮರು ಗಾಳಿ ಬೇಕೇನೋ ಎಂದು ಫ್ಯಾನ್ ಹಾಕಿದರು. ತೂಕಕ್ಕೆ ಸುರಿದಿದ್ದ ಈರುಳ್ಳಿ ಬೀಜ ಹಾರಿ ಮುಖಕ್ಕೆ ಬಡಿಯಿತು. "ಫ್ಯಾನ್ ಬಂದ್ ಮಾಡ್ರಿ!" ಎಂದು ಶಂಕ್ರಪ್ಪನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

"ಗಾಳಿಗೂ ಅಂಜಾಕತ್ತಾರ," ಎಂದಿತು ರಸ್ತೆಯ ಆಚೆಯ ದನಿ. "ಅದೂ ಲಕ್ಷಣನ."

ರಜಾಕ ಓಡಿ ಬಂದು ಉಪವಾಸದ ವಿಷಯ ಹೇಳಿದ. ಶ್ರೀದೇವಿಯವರು ಮೈ ನೋಡಿದರು. ಗೀರು ಕೂಡ ಇರಲಿಲ್ಲ. ಆದರೂ ಅವರು ಕರ್ತವ್ಯ ಬಿಡುವವರಲ್ಲ. ಬ್ಯಾಡಗಿಯ ಗುಡ್ಡಪ್ಪನವರಿಗೇ ಫೋನು ಮಾಡಿ ಕೇಳಿದರು: "ನಿಮ್ಮ ನಾಯಿ ಆರಾಮ ಐತೇನ್ರಿ? ಅದಕ್ಕ ಹುಚ್ಚಿನ ಇಂಜೆಕ್ಷನ್ ಹಾಕ್ಸೀರೇನು?"

ಗುಡ್ಡಪ್ಪನವರ ಉತ್ತರ ಎಷ್ಟು ಜೋರಾಗಿತ್ತೆಂದರೆ ಅದು ಫೋನಿನಿಂದ ಬಂತೋ ಬ್ಯಾಡಗಿಯಿಂದ ನೇರವಾಗಿ ಬಂತೋ ತಿಳಿಯಲಿಲ್ಲ. ಇಂಜೆಕ್ಷನ್ ಹಾಕಿಸಿದ್ದರು. ನಾಯಿ ಆರಾಮಾಗಿತ್ತು. ಆರಾಮಿಲ್ಲದ್ದು ಅವರಿಗೇ.

ಮರುದಿನ ಹಾವೇರಿಗೆ, ಮುತ್ತವ್ವನ ಮನೆಗೆ, ಅವರ ಫೋನು ಬಂತು. ಅಲ್ಲಿಗೆ ಬಂದಿದ್ದ ಶಂಕ್ರಪ್ಪನವರು ಎತ್ತಿಕೊಂಡರು; ದನಿ ಮನೆಗೆಲ್ಲ ಕೇಳಿಸಿತು.

"ಮೊದಲು ನನಗ ಬೆನ್ನು ತೋರ್ಸಿದ್ರಿ. ಆಮ್ಯಾಲೆ ನಮ್ಮ ನಾಯಿಗೆ ಹುಚ್ಚು ಹಚ್ಚಿದ್ರಿ," ಎಂದರು ಗುಡ್ಡಪ್ಪನವರು. "ಆದ್ರ ಹುಡುಗ ಹಟ ಹಿಡದಾನ, ಈ ಹುಡುಗೀನ ಬೇಕಂತ. ಅದಕ್ಕ ಬರ್ತೀವಿ, ಬರೂ ಐತವಾರ. ಎರಡು ಮಾತು. ಮಂದಿ ಎದುರಿಗೆ ನೀವು ಕೈಮುಗದು ತಪ್ಪಾತು ಅನಬೇಕು. ಎರಡನೇದು, ನಮ್ಮನ್ನ ಪದ್ಧತಿ ಪ್ರಕಾರ ಮುತ್ತೈದೇರು ಆರತಿ ಹಿಡದು ಇದುರಗೊಳ್ಳಬೇಕು. ಮುಂದ ಬರಬಾರದವರು ಮುಂದ ಬರಬಾರದು. ನಾ ಬಿಡಿಸಿ ಹೇಳೂದಿಲ್ಲ."

ಬಿಡಿಸಿ ಹೇಳುವ ಅಗತ್ಯವೂ ಇರಲಿಲ್ಲ. ಮಗಳ ನಿಶ್ಚಯದ ದಿನ ಹೆತ್ತ ತಾಯಿ ಬಾಗಿಲಲ್ಲಿ ನಿಲ್ಲಬಾರದು.

ಶಂಕ್ರಪ್ಪನವರು ಫೋನು ಇಟ್ಟು ಎದ್ದು ನಿಂತರು. "ತಪ್ಪಾತು ಅನ್ನಾಕ ನಾ ತಯಾರದೇನಿ. ಬೇಕಾದ್ರ ನಾಯಿ ಕಾಲೂ ಹಿಡೀತೀನಿ. ಆದ್ರ ಎರಡನೇ ಮಾತು ಆಗೂದಿಲ್ಲ. ಮುತ್ತೀ, ಬಾಗಲದಾಗ ನೀನ ನಿಂದರಬೇಕು."

"ಬ್ಯಾಡ ಅಣ್ಣಾ," ಎಂದಳು ಮುತ್ತವ್ವ. "ನಾ ಅಡಗಿಮನ್ಯಾಗ ಇರ್ತೀನಿ. ಹೋಳಿಗಿ ಬಡಿಯೋರೂ ಒಬ್ಬರು ಬೇಕಲ್ಲ."

"ಹಿತ್ತಲದಾಗ ಹರಟೆಮಲ್ಲ ಹಕ್ಕಿ ನೋಡೀದಿಲ್ಲೋ? ಕಸದಾಗ ಕೆದರಕೋತ ದಿನಾ ಪೂರ್ತಿ ಚಿರ್ರ್ ಚಿರ್ರ್ ಅಂತಾವ. ಒಂದು ಹಕ್ಕಿ ಗಿಡದ ಹಿಂದ ಹೋತು ಅಂದ್ರ 'ನಾ ಇಲ್ಲೆ ಅದೀನಿ' ಅಂತ ಕರೀತೈತಿ, ಉಳದವು 'ನಾವು ಇಲ್ಲೆ ಅದೀವಿ' ಅಂತಾವ. ನೀ ಗಂಡ ಸತ್ತಾಕಿ, ನಿನಗ ಓ ಅನ್ನೂದಿಲ್ಲ ಅಂತ ಯಾವ ಹಕ್ಕಿ ಅಂದೈತಿ? ಇರಿವಿ ಎದುರು ಬಂದ ಪ್ರತಿ ಇರಿವಿಗೂ ಮೀಸಿ ತಾಗಿಸಿ ನೋಡತೈತಿ. ನೋಡೂದು ಒಂದ: ನಮ್ಮ ಗೂಡಿಂದೋ ಅಲ್ಲೋ. ಕುಂಕುಮ ನೋಡೂದಿಲ್ಲ! ಆ ಶಿವಾ ಅವಕ್ಕ ಕೊಟ್ಟ ಬುದ್ಧಿನ ನಮಗ ಕೊಡಲಿಲ್ಲೇನು?"

"ಕೊಟ್ಟಿರತಾನ. ಆದ್ರ ಅವಕ್ಕ ಬೀಗರಿಲ್ಲ," ಎಂದಳು ಮುತ್ತವ್ವ. "ನೀ ಶಾಸ್ತ್ರ ಹೇಳಿ ಒಂದು ಸಲ ಮುರದೀದಿ. ಇನ್ನೊಂದು ಸಲ ಮುರೀಬ್ಯಾಡ. ಹುಡುಗೀ ಮಾರಿ ನೋಡು."

ಬಾಗಿಲ ಬಳಿ ಸುಧಾರಾಣಿ ನಿಂತಿದ್ದಳು. "ಅವ್ವಾ ಒಳಗ ಕುಂತ್ರ ನಾ ಸೀರಿ ಉಡೂದಿಲ್ಲ," ಎಂದಳು. "ಸುಮ್ಮನ ಉಡು," ಎಂದಳು ಮುತ್ತವ್ವ. ಆಕೆಯ ಮಾತಿಗೆ ಆ ಮನೆಯಲ್ಲಿ ಅಪೀಲು ಇರಲಿಲ್ಲ. ಶಂಕ್ರಪ್ಪನವರು ಕುಳಿತುಬಿಟ್ಟರು.

ಭಾನುವಾರ ಬಂತು. ಓಣಿಯ ಮುತ್ತೈದೆಯರು ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ಸಾಲಾಗಿ ನಿಂತರು. ಚಪ್ಪಲಿಯ ಪಟ್ಟಿ ಸಡಿಲಾಗುತ್ತಿದ್ದವರೆಲ್ಲ ಆ ಸಾಲಿನಲ್ಲಿ ಇದ್ದರು. ಎಲ್ಲರ ಕೈಯೂ ಶುಭ್ರವಾಗಿತ್ತು, ಎಲ್ಲರ ಮುಖದಲ್ಲೂ ಹಲ್ಲು ಕಾಣುತ್ತಿತ್ತು. ಶಂಕ್ರಪ್ಪನವರಿಗೆ ಮಂಗಗಳ ಪಾಠ ನೆನಪಾಗಿ, ಬಾಯಿ ತೆರೆಯಲು ಹೊರಟರು. ರಜಾಕ ಅವರ ತೋಳು ಹಿಂಡಿದ. "ಅಣ್ಣಾರ, ಅಲ್ಲಾಹ್ ಕೀ ಕಸಂ, ಇವತ್ತೊಂದು ದಿನ ನೀವು ಬರೇ ಮನಷ್ಯಾ ಆಗ್ರಿ."

ಬ್ಯಾಡಗಿಯ ಗಾಡಿಗಳು ಬಂದವು. ಮುಂದಿನ ಗಾಡಿಯಿಂದ ಗುಡ್ಡಪ್ಪನವರು ಇಳಿದರು, ಹುಡುಗ ಇಳಿದ, ನೆಂಟರು ಇಳಿದರು. ಹಿಂದಿನ ಜೀಪನ್ನು ಮಾತ್ರ ಮನೆಯ ಮಗ್ಗುಲಿನ ಸಂದಿಯಲ್ಲಿ, ನೆರಳಿನಲ್ಲಿ ನಿಲ್ಲಿಸಿದರು. ಅದರಲ್ಲಿ ಗುಡ್ಡಪ್ಪನವರ ತಾಯಿ ಹೊನ್ನಜ್ಜಿ ಕುಳಿತಿದ್ದಳು. ಆಕೆಯೂ ಗಂಡನನ್ನು ಕಳೆದುಕೊಂಡವಳು. ಎದುರುಗೊಳ್ಳುವ ಹೊತ್ತಿನಲ್ಲಿ ಮುಂದೆ ಬರಬಾರದೆಂದು ಮಗನೇ ಅಲ್ಲಿ ಕೂರಿಸಿದ್ದರು. ಬೀಗರಿಗೆ ಹಾಕಿದ ನಿಯಮವನ್ನೇ ಹೆತ್ತ ತಾಯಿಗೂ ಹಾಕಿದ್ದರು. ಆ ಮಟ್ಟಿಗೆ ಅವರು ನ್ಯಾಯವಂತರು.

ಶಂಕ್ರಪ್ಪನವರು ಮುಂದೆ ಬಂದು, ಎರಡೂ ಕೈ ಮುಗಿದು, ಈ ಸಲ ನೇರವಾಗಿ ಗುಡ್ಡಪ್ಪನವರ ಎದುರಿಗೆ ನಿಂತರು. ಬೆನ್ನು ಯಾರ ಕಡೆಗೂ ತಿರುಗಬಾರದೆಂದು ಗೋಡೆಗೆ ಆತುಕೊಂಡಿದ್ದರು. "ನನ್ನಿಂದ ತಪ್ಪಾತ್ರಿ," ಎಂದು ಆರಂಭಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ತಪ್ಪು ಹೇಗಾಯಿತು ಎಂದು ಹೇಳದಿದ್ದರೆ ಕ್ಷಮೆಗೆ ಅರ್ಥವೇನು? ಅವರು ನಾಯಿ ಬದಿಯಿಂದ ಬರುವ ಕಾರಣಕ್ಕೆ ಇಳಿದರು. ರಜಾಕ ಕಣ್ಣು ಮುಚ್ಚಿಕೊಂಡ. ಆರತಿಯ ಬತ್ತಿ ಸಣ್ಣಗಾಗತೊಡಗಿತು.

ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಮುತ್ತವ್ವ ಹೋಳಿಗೆ ತಿರುವುತ್ತಿದ್ದಳು. ಕಿಟಕಿಯ ಆಚೆಯ ಸಂದಿಯಿಂದ ಒಂದು ದನಿ ಬಂತು.

"ಯಾರರ ಅದೀರೇನ?"

ಬಿಸಿಲು ಸರಿದು ಜೀಪಿನ ಮೇಲೆ ಬಂದಿತ್ತು. ಹೊನ್ನಜ್ಜಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಎಲ್ಲರೂ ಎತ್ತ ಹೋದರೆಂದು ತಿಳಿದಿರಲಿಲ್ಲ. ಮುಂಬಾಗಿಲಿನಲ್ಲಿದ್ದವರಿಗೆ ಆ ದನಿ ಕೇಳಿಸಲಿಲ್ಲ, ಕೇಳಿಸಿದವರು ಆಮೇಲೆ ನೋಡೋಣ ಎಂದುಕೊಂಡರು.

"ಯಾರರ ಅದೀರೇನ್ರ್ಯಾ?"

"ಅದೀನ್ರೀ!" ಎಂದಳು ಮುತ್ತವ್ವ.

ಯೋಚಿಸಿ ಹೇಳಿದ ಮಾತಲ್ಲ. ಬಾಯಿಯಿಂದ ತಾನೇ ಹೊರಟಿತ್ತು. ಹೇಳಿದ ಮೇಲೆ ಹೋಗದೆ ಇರುವುದು ಹೇಗೆ? ಹೆಂಚನ್ನು ಒಲೆಯಿಂದ ಇಳಿಸಿ, ತಂಬಿಗೆಯಲ್ಲಿ ನೀರು ತೆಗೆದುಕೊಂಡು, ಹಿತ್ತಲ ಬಾಗಿಲಿನಿಂದ ಸಂದಿಗೆ ಬಂದಳು. ಜೀಪಿನ ಬಾಗಿಲು ತೆಗೆದು ಅಜ್ಜಿಯ ಕಾಲಿಗೆ ನೀರು ಹಾಕಿದಳು, ಕುಡಿಯಲು ಕೊಟ್ಟಳು, ಬಗ್ಗಿ ನಮಸ್ಕರಿಸಿದಳು. ಅಜ್ಜಿ ಆಕೆಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹತ್ತಿರ ಎಳೆದು, ಹಳೆಯ ಕಾಲದವರ ಹಾಗೆ ನೆತ್ತಿಯನ್ನು ದೀರ್ಘವಾಗಿ ಮೂಸಿದಳು.

"ಹೋಳಿಗಿ ಬೆಲ್ಲದ ವಾಸನಿ ಐತಿ, ಹೊಗಿ ಐತಿ," ಎಂದಳು. "ಎಣ್ಣಿ ಇಲ್ಲ. ಹೂವಿಲ್ಲ. ಮನ್ಯಾಗ ನಿಶ್ಚಯ, ತಲಿಗೆ ಹನಿ ಎಣ್ಣಿ ಹಚ್ಚಿಲ್ಲಲ್ಲ ಯವ್ವಾ. ನೀ ಹುಡುಗೀ ತಾಯಿ ಹೌದಲ್ಲೋ?"

"ಹೌದ್ರೀ."

"ಬಾಗಲದಾಗ ಇರ್ಬೇಕಾದಾಕಿ ಇಲ್ಲ್ಯಾಕ?"

ಮುತ್ತವ್ವ ತಂಬಿಗೆಯನ್ನು ಗೋಡೆಯ ಬುಡಕ್ಕೆ ಇಟ್ಟಳು. ಅಜ್ಜಿಗೆ ಉತ್ತರ ಬೇಕಾಗಿರಲಿಲ್ಲ. ತಾನು ಜೀಪಿನಲ್ಲಿ ಯಾಕೆ ಇದ್ದಳೋ ಈಕೆ ಅಡುಗೆಮನೆಯಲ್ಲಿ ಅದಕ್ಕೇ ಇದ್ದಳು. ಅಜ್ಜಿ ಮುತ್ತವ್ವನ ಭುಜ ಹಿಡಿದು ಕೆಳಗಿಳಿದಳು.

"ಹಿಂಗ ಬರ್ರಿ, ಹಿತ್ತಲ ಬಾಗಲ ಹತ್ತಿರ ಐತ್ರಿ."

"ಹಿತ್ತಲ ಬಾಗಲಾ? ನಾ ಏನು ಕೋಳಿ ಕದಿಯಾಕ ಬಂದೇನೇನು? ಮೊಮ್ಮಗನ ನಿಶ್ಚಯಕ್ಕ ಬಂದೇನಿ. ನಡಿ ಮುಂದ."

"ಬ್ಯಾಡ್ರಿ ಅಜ್ಜಿ, ನಾ ಮುಂದ ಬರಬಾರದು."

"ನಾನೂ ಬರಬಾರದು. ಇಬ್ಬರೂ ಕೂಡೇ ಹೋಗೂಣ ನಡಿ."

ಮುತ್ತವ್ವ ಸಂದಿಯ ಈ ತುದಿ ನೋಡಿದಳು, ಆ ತುದಿ ನೋಡಿದಳು. ಆಮೇಲೆ ಸೆರಗಿನಿಂದ ಬೆವರು ಒರೆಸಿಕೊಂಡು, ಕೈಗೆ ಹತ್ತಿದ್ದ ಹಿಟ್ಟು ಉದುರಿಸಿ, ಅಜ್ಜಿಯ ಕೈಯನ್ನು ತಾನೇ ಬಿಗಿಯಾಗಿ ಹಿಡಿದು ಮುಂಬಾಗಿಲಿನ ಕಡೆ ನಡೆದಳು. ಆಮೇಲೆ ಅಜ್ಜಿ ಎಳೆಯಬೇಕಾಗಲಿಲ್ಲ.

ಮುಂಬಾಗಿಲಿನಲ್ಲಿ ಶಂಕ್ರಪ್ಪನವರು ಬಾಲದ ಕೆಳಗಿನ ಚೀಲದವರೆಗೆ ಬಂದಿದ್ದರು. ಅಜ್ಜಿಯನ್ನೂ ಮುತ್ತವ್ವನನ್ನೂ ಕಂಡು ಮಂದಿ ಒಮ್ಮೆಲೇ ಸರಿದರು. ಮುತ್ತೈದೆಯರಲ್ಲಿ ಒಬ್ಬಳು ತಟ್ಟೆ ಹಿಂದಕ್ಕೆ ಎಳೆದುಕೊಂಡಳು, ಇನ್ನೊಬ್ಬಳು ಕೆಳಗೆ ಬಗ್ಗಿದಳು. ಅವಸರದಲ್ಲಿ ಕಾಲಲ್ಲಿ ಚಪ್ಪಲಿ ಇಲ್ಲ ಎಂಬುದು ಆಕೆಗೆ ಮರೆತಿತ್ತು. ಇಬ್ಬರೂ ಆ ಸಾಲಿನ ನಡುವೆ ಹಾದು ಹೊಸ್ತಿಲು ಹತ್ತಿ, ತಿರುಗಿ, ಬಂದವರಿಗೆ ಎದುರಾಗಿ ನಿಂತರು.

"ಯವ್ವಾ!" ಎಂದರು ಗುಡ್ಡಪ್ಪನವರು. "ಜೀಪಿನ್ಯಾಗ ಕುಂದ್ರು ಅಂದಿದ್ನೆಲ್ಲ!"

"ಕುಂತಿದ್ದೆ. ಒದರಿದೆ. ನೀ ಓ ಅನಲಿಲ್ಲ. ಈಕಿ ಅಂದಳು," ಎಂದಳು ಅಜ್ಜಿ. "ಗುಡ್ಡ್ಯಾ, ಬೀಗತಿ ನಿಂತಾಳ. ಕೈ ಮುಗಿ."

"ಯವ್ವಾ, ಮಂದಿ ನೋಡಾಕತ್ತೈತಿ."

"ನೋಡ್ಲಿ ಅಂತನ ಹೇಳಾಕತ್ತೇನಿ."

"ಪದ್ಧತಿ ಅಂತ ಒಂದು ಇರತೈತಿ."

"ನೀ ಹುಟ್ಟಿದಾಗ ನಿನ್ನ ನೆತ್ತಿ ಮೊದಲು ಮೂಸಿದಾಕಿ ನಾನು. ಅದರಾಗ ಏನು ವಾಸನಿ ಇತ್ತು ಅಂತ ಈ ಮಂದಿ ಮುಂದ ಹೇಳ್ಲ್ಯೋ?"

ಮಂದಿಯಲ್ಲಿ ಯಾರೋ ಕಿಸಕ್ಕೆಂದರು. ಹುಡುಗ ಸಿದ್ದಲಿಂಗೇಶ ಆವರೆಗೆ ದೊಡ್ಡಪ್ಪನ ಹಿಂದೆ ನಿಂತಿದ್ದವನು ಮುಂದೆ ಬಂದು ಮುತ್ತವ್ವನ ಪಾದ ಮುಟ್ಟಿ ನಮಸ್ಕರಿಸಿದ. ಒಳಗೆ ಸುಧಾರಾಣಿಯ ಬಳೆ ಸದ್ದಾಯಿತು.

ಶಂಕ್ರಪ್ಪನವರಿಗೆ ಇದು ಸರಿಯಾದ ಸಮಯವೆನ್ನಿಸಿತು. "ಇದಕ್ಕ ಆಕಳಿನ ಉದಾಹರಣಿ ಐತ್ರಿ. ಕರು ಹುಟ್ಟಿದ ಕೂಡ್ಲೆ ತಾಯಿ ನೆಕ್ಕಿ ನೆಕ್ಕಿ ಅದರ ವಾಸನಿ..."

"ಅಣ್ಣಾ," ಎಂದಳು ಮುತ್ತವ್ವ.

ಅವರು ಆಕಳನ್ನು ಅಲ್ಲಿಗೇ ಬಿಟ್ಟರು.

ಗುಡ್ಡಪ್ಪನವರು ಒಮ್ಮೆ ತಾಯಿಯನ್ನು, ಒಮ್ಮೆ ತಮ್ಮನ ಮಗನನ್ನು, ಒಮ್ಮೆ ಹಿಂದೆ ನಿಂತ ಗಾಡಿಗಳನ್ನು ನೋಡಿದರು. ರುಮಾಲು ಸರಿಮಾಡಿಕೊಂಡರು. ಅವರ ಕೈ ಮೇಲೆ ಬಂತು. ಮೊದಲು ಎದೆಯವರೆಗೆ, ಆಮೇಲೆ ಒಂದಕ್ಕೊಂದು ಕೂಡಿತು. "ಶರಣ್ರಿ ಬೀಗತೇರ," ಎಂದರು. ದನಿ ಸಣ್ಣದಿತ್ತು, ಆದರೆ ಓಣಿಯಲ್ಲಿ ಎಲ್ಲರಿಗೂ ಕೇಳಿಸಿತು.

ಮುತ್ತವ್ವನೂ ಕೈಮುಗಿದಳು. ಬೆರಳುಗಳಿಗೆ ಇನ್ನೂ ಸ್ವಲ್ಪ ಹಿಟ್ಟು ಹತ್ತಿತ್ತು.

"ಶರಣ್ರಿ. ಬರ್ರಿ, ಒಳಗ ಬರ್ರಿ," ಎಂದಳು. ಎಂದಳೇ ಹೊರತು ಬಾಗಿಲ ಬದಿಗೆ ಸರಿಯಲಿಲ್ಲ. ಹೊಸ್ತಿಲ ಮೇಲೆ ನಿಂತಲ್ಲಿಯೇ ನಿಂತಿದ್ದಳು. ಬ್ಯಾಡಗಿಯ ಹಿರಿಯರು, ಕಿರಿಯರು, ಆರತಿ ಹಿಡಿದವರು, ಎಲ್ಲರೂ ಒಬ್ಬೊಬ್ಬರಾಗಿ ಆಕೆಯ ಎದುರಿನಿಂದಲೇ, ಆಕೆಗೆ ಕೈಮುಗಿದೇ ಒಳಗೆ ಹೋದರು. ಆ ದಿನ ಆ ಮನೆಗೆ ಬೇರೆ ಬಾಗಿಲು ಇರಲಿಲ್ಲ.